ಠೇವಣಿ ಬಡ್ಡಿಯಲ್ಲಿ ಕಡಿತವಾದ ತೆರಿಗೆ: ಪಾಸ್‌ಬುಕ್ಕಿಗೂ 26ಎಎಸ್ ಪಟ್ಟಿಗೂ ತಾಳೆ ನೋಡುವ ಬಗೆ



ಅಡಿಕೆ, ಕಾಫಿ ಮಾರಿ ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದನ್ನು ನಮ್ಮಲ್ಲಿ ಅನೇಕರು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡುತ್ತಾರೆ. ಮೂರು ತಿಂಗಳ ನಂತರ ಪಾಸ್‌ಬುಕ್ ಬರೆಸಿ ನೋಡಿದರೆ, ಬರಬೇಕಾದ ಬಡ್ಡಿಗಿಂತ ಕಡಿಮೆ ಹಣ ಜಮೆಯಾಗಿರುತ್ತದೆ. "ನಮ್ಮದು ಕೃಷಿ ಆದಾಯ, ನಮಗೇಕೆ ತೆರಿಗೆ?" ಎಂದು ಸಂಘದ ಕಚೇರಿಗೆ ಬಂದು ಕೇಳುವವರು ಪ್ರತಿ ವರ್ಷವೂ ಇದ್ದಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯಲಾಗಿದೆ.

ಬೆಳೆ ಮಾರಿದ ಹಣ ಕೃಷಿ ಆದಾಯವೆಂಬುದು ನಿಜ. ಆದರೆ ಅದೇ ಹಣ ಬ್ಯಾಂಕಿಗೆ ಹೋಗಿ ಗಳಿಸಿದ ಬಡ್ಡಿ ಕೃಷಿ ಆದಾಯವಲ್ಲ. ಕಾನೂನು ಅದನ್ನು 'ಇತರ ಮೂಲಗಳ ಆದಾಯ' ಎಂದು ಎಣಿಸುತ್ತದೆ. 2025–26ನೇ ಸಾಲಿನಲ್ಲಿ ಒಂದು ಬ್ಯಾಂಕಿನಿಂದ ಬರುವ ಠೇವಣಿ ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ (60 ವರ್ಷ ತುಂಬಿದವರಿಗೆ 1 ಲಕ್ಷ ದಾಟಿದರೆ) ಬ್ಯಾಂಕು ನೂರಕ್ಕೆ ಹತ್ತರಂತೆ ಕಡಿದು ಸರಕಾರಕ್ಕೆ ಕಟ್ಟಬೇಕು. ಪ್ಯಾನ್ ಕೊಡದವರಿಗೆ ಈ ಕಡಿತ ನೂರಕ್ಕೆ ಇಪ್ಪತ್ತು. ಠೇವಣಿಯನ್ನು ಒಂದೇ ಬ್ಯಾಂಕಿನ ಎರಡು ಮೂರು ಶಾಖೆಗಳಲ್ಲಿ ಹಂಚಿ ಇಟ್ಟರೂ ಪ್ರಯೋಜನವಿಲ್ಲ. ಎಲ್ಲ ಶಾಖೆಗಳ ಲೆಕ್ಕ ಒಂದೇ ಗಣಕದಲ್ಲಿರುವ ಬ್ಯಾಂಕುಗಳಲ್ಲಿ ಬಡ್ಡಿಯನ್ನು ಒಟ್ಟು ಸೇರಿಸಿಯೇ ನೋಡುತ್ತಾರೆ.

ಹೀಗೆ ಕಡಿದದ್ದು ತೆರಿಗೆಯ ಕೊನೆಯ ಲೆಕ್ಕವಲ್ಲ, ನಿಮ್ಮ ಹೆಸರಿನಲ್ಲಿ ಮುಂಗಡವಾಗಿ ಕಟ್ಟಿದ ಹಣ. ವರ್ಷದ ನಿಜವಾದ ತೆರಿಗೆ ಇದಕ್ಕಿಂತ ಕಡಿಮೆಯಾದರೆ ಉಳಿದದ್ದು ವಾಪಸು ಬರುತ್ತದೆ. ಆದರೆ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸದವರಿಗೆ ಬರುವುದಿಲ್ಲ. ಯಾರ ಹೆಸರಿನಲ್ಲಿ ಎಷ್ಟು ಕಟ್ಟಲಾಗಿದೆ ಎಂಬುದನ್ನು ಇಲಾಖೆ ಬರೆದಿಡುವ ವಾರ್ಷಿಕ ಪಟ್ಟಿಯೇ 26ಎಎಸ್ ನಮೂನೆ.

ಒಂದು ಲೆಕ್ಕ

ಐವತ್ತೆರಡು ವರ್ಷದ ಒಬ್ಬ ಅಡಿಕೆ ಬೆಳೆಗಾರರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರು 2025ರ ಮೇ 10ರಂದು 12 ಲಕ್ಷ ರೂಪಾಯಿಯನ್ನು ಶೇಕಡಾ 7ರ ಬಡ್ಡಿಗೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯುವ ಕರಾರಿನಲ್ಲಿ ಇಟ್ಟರು. ಮೂರು ತಿಂಗಳ ಬಡ್ಡಿ 21,000 ರೂ. ಅದರಲ್ಲಿ 2,100 ಕಡಿತವಾಗಿ, ಆಗಸ್ಟ್ 10, ನವೆಂಬರ್ 10 ಮತ್ತು ಫೆಬ್ರವರಿ 10ರಂದು ತಲಾ 18,900 ರೂ. ಉಳಿತಾಯ ಖಾತೆಗೆ ಜಮೆಯಾಯಿತು.

ಮಾರ್ಚ್ 31ರಂದು ಪಾಸ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಕಾಣುತ್ತದೆ: ಟಿ.ಡಿ.ಎಸ್. ಎಂದು 1,151 ರೂ. ಖರ್ಚು. ಆ ದಿನ ಬಡ್ಡಿಯೇ ಜಮೆಯಾಗಿಲ್ಲ. ಬಡ್ಡಿಯಿಲ್ಲದೆ ತೆರಿಗೆ ಎಲ್ಲಿಂದ ಬಂತೆಂದು ಸದಸ್ಯರು ಗಾಬರಿಯಾಗುವುದು ಇಲ್ಲಿಯೇ.

ಕಾರಣ ಹೀಗಿದೆ. ಬ್ಯಾಂಕಿನ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿ 10ರಿಂದ ಮಾರ್ಚ್ 31ರವರೆಗಿನ 50 ದಿನಗಳಿಗೆ ಬೆಳೆದು ನಿಂತ ಬಡ್ಡಿ 11,507 ರೂ. ಇದು ನಿಮ್ಮ ಕೈಗೆ ಬರುವುದು ಮೇ ತಿಂಗಳಲ್ಲಿ. ಆದರೂ ಬ್ಯಾಂಕು ಅದನ್ನು ಆ ವರ್ಷದ ಬಡ್ಡಿಯೆಂದೇ ಬರೆದುಕೊಂಡು, ಅದರ ಹತ್ತರಲ್ಲೊಂದು ಪಾಲನ್ನು ಕಡಿಯಬೇಕಾಗುತ್ತದೆ. ಮುದ್ದತಿನ ಕೊನೆಯಲ್ಲಿ ಅಸಲಿನೊಡನೆ ಬಡ್ಡಿ ಕೊಡುವ ಠೇವಣಿಗಳಲ್ಲಿಯೂ ಇದೇ ಕ್ರಮ. ಹಣ ಕೈಗೆ ಬರದಿದ್ದರೂ ಪ್ರತಿ ವರ್ಷ ಕಡಿತ ನಡೆದಿರುತ್ತದೆ.

ಈಗ ತಾಳೆ ನೋಡೋಣ. ಪಾಸ್‌ಬುಕ್ಕಿನಲ್ಲಿ ಜಮೆಯಾದದ್ದು 56,700. ಕಡಿದ 6,300 ಸೇರಿಸಿದರೆ 63,000. ಮಾರ್ಚ್ 31ಕ್ಕೆ ಬೆಳೆದ 11,507 ಸೇರಿದರೆ ಒಟ್ಟು ಬಡ್ಡಿ 74,507 ರೂ. ಒಟ್ಟು ಕಡಿತ 6,300ಕ್ಕೆ 1,151 ಸೇರಿ 7,451 ರೂ. 26ಎಎಸ್‌ನಲ್ಲಿ ಆ ಬ್ಯಾಂಕಿನ ಹೆಸರಿನ ಕೆಳಗೆ ಕಾಣಬೇಕಾದದ್ದು ಈ ಎರಡು ಮೊತ್ತಗಳೇ.

ರಿಟರ್ನಿನಲ್ಲಿ ಬರೆಯಬೇಕಾದದ್ದು 74,507. ಕೈಗೆ ಬಂದ 56,700 ಮಾತ್ರ ತೋರಿಸಿ, 7,451ರ ತೆರಿಗೆ ವಾಪಸು ಕೇಳಿದರೆ ಇಲಾಖೆಯ ಲೆಕ್ಕಕ್ಕೆ ಹೊಂದದೆ ತಿಳುವಳಿಕೆ ಪತ್ರ ಬರುತ್ತದೆ. ಮುಂದಿನ ಸಾಲಿನಲ್ಲಿ, 2026ರ ಮೇ 10ರ 21,000ದಲ್ಲಿ ಹೊಸ ವರ್ಷಕ್ಕೆ ಸೇರುವುದು 9,493 ಮಾತ್ರ. 11,507ನ್ನು ಎರಡನೆಯ ಸಲ ತೋರಿಸಬಾರದು.

ಈ ಬೆಳೆಗಾರರಿಗೆ ಬಡ್ಡಿಯ ಹೊರತು ಬೇರೆ ಕೃಷಿಯೇತರ ಆದಾಯವಿಲ್ಲ. ಹೊಸ ಪದ್ಧತಿಯಲ್ಲಿ 2025–26ನೇ ಸಾಲಿಗೆ 4 ಲಕ್ಷದವರೆಗೆ ತೆರಿಗೆಯಿಲ್ಲ. ಕೃಷಿಯೇತರ ಆದಾಯ ಈ ಮಿತಿಯೊಳಗಿರುವವರಿಗೆ ಕೃಷಿ ಆದಾಯವನ್ನು ಸೇರಿಸಿ ದರ ಕಟ್ಟುವ ಲೆಕ್ಕವೂ ಬರುವುದಿಲ್ಲ. ಆದುದರಿಂದ 7,451 ರೂ. ಪೂರ್ತಿಯಾಗಿ ವಾಪಸು ಬರಬೇಕು. ಕಾಫಿ ಬೆಳೆಗಾರರು ಒಂದು ಮಾತು ನೆನಪಿಡಬೇಕು: ತಾವು ಬೆಳೆದ ಕಾಫಿಯನ್ನು ತಾವೇ ಸಂಸ್ಕರಣೆ, ಅಂದರೆ ಕ್ಯೂರಿಂಗ್, ಮಾಡಿಸಿ ಮಾರಿದವರಿಗೆ ಆ ಆದಾಯದ ಶೇಕಡಾ 25 ಭಾಗ ವ್ಯವಹಾರದ ಆದಾಯವಾಗಿ ಸೇರುತ್ತದೆ. ಅಂಥವರು ಮಿತಿಯನ್ನು ಅದನ್ನೂ ಕೂಡಿಸಿ ನೋಡಬೇಕು.

ಪಟ್ಟಿಯನ್ನು ನೋಡುವುದು ಹೇಗೆ

ಇಲಾಖೆಯ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆಯಿಂದ ಪ್ರವೇಶಿಸಿ, e-File ಎಂಬಲ್ಲಿ Income Tax Returns, ಅದರೊಳಗೆ View Form 26AS ಒತ್ತಿದರೆ ಪಟ್ಟಿ ಸಿಗುತ್ತದೆ. ಬ್ಯಾಂಕಿನ ಹೆಸರಿನ ಕೆಳಗೆ 194A ಎಂದಿರುವ ಸಾಲುಗಳು ಠೇವಣಿ ಬಡ್ಡಿಯವು. ಕೊಟ್ಟ ಬಡ್ಡಿ, ಕಡಿದ ತೆರಿಗೆ, ಸರಕಾರಕ್ಕೆ ಕಟ್ಟಿದ ತೆರಿಗೆ ಎಂಬ ಮೂರು ಮೊತ್ತಗಳನ್ನು ನೋಡಿರಿ. ಸ್ಥಿತಿಯ ಅಂಕಣದಲ್ಲಿ F ಎಂದಿದ್ದರೆ ಲೆಕ್ಕ ಹೊಂದಿದೆ ಎಂದರ್ಥ. U ಎಂದಿದ್ದರೆ ಬ್ಯಾಂಕು ಹೇಳಿದ ಮೊತ್ತಕ್ಕೆ ಸರಿಯಾದ ಜಮಾ ಇನ್ನೂ ಹೊಂದಿಲ್ಲ.

ಜನವರಿಯಿಂದ ಮಾರ್ಚ್‌ವರೆಗಿನ ಲೆಕ್ಕವನ್ನು ಬ್ಯಾಂಕು ಸಲ್ಲಿಸುವುದಕ್ಕೆ ಮೇ 31ರ ತನಕ ಅವಕಾಶವಿದೆ. ಏಪ್ರಿಲಿನಲ್ಲಿ ನೋಡಿ ಕೊನೆಯ ಸಾಲು ಇಲ್ಲವೆಂದು ಚಿಂತಿಸಬೇಕಿಲ್ಲ. ಜೂನ್ ಮಧ್ಯದ ನಂತರ ನೋಡಿರಿ. ಅದೇ ಹೊತ್ತಿಗೆ ಬ್ಯಾಂಕಿನಿಂದ 16ಎ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಆಗಲೂ ಕಾಣದಿದ್ದರೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಠೇವಣಿಗೆ ಸೇರಿಸಿದ ಪ್ಯಾನ್ ತಪ್ಪಾಗಿರುವುದು. ಇನ್ನೊಂದು, ಜಂಟಿ ಠೇವಣಿಯಲ್ಲಿ ಮೊದಲ ಹೆಸರು ತಂದೆಯವರದ್ದೋ ಮನೆಯವರದ್ದೋ ಆಗಿದ್ದು, ಕಡಿತವೂ ಅವರ ಹೆಸರಿಗೇ ಹೋಗಿರುವುದು. ತಪ್ಪಿದ್ದರೆ ಅದನ್ನು ತಿದ್ದಿ ಪುನಃ ಸಲ್ಲಿಸಬೇಕಾದವರು ಬ್ಯಾಂಕಿನವರೇ ಹೊರತು ತೆರಿಗೆ ಕಚೇರಿಯವರಲ್ಲ. ಪ್ಯಾನ್ ಪ್ರತಿ, ಠೇವಣಿ ಸಂಖ್ಯೆ ಮತ್ತು ಕಡಿತ ತೋರಿಸುವ ಪಾಸ್‌ಬುಕ್ ಪುಟ ಲಗತ್ತಿಸಿ ಶಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯನ್ನು ಇಟ್ಟುಕೊಳ್ಳಿ.

ವರ್ಷದ ತೆರಿಗೆ ಸೊನ್ನೆಯಾಗುವವರು ಕಡಿತವೇ ಬೇಡವೆಂದು ಬ್ಯಾಂಕಿಗೆ ಘೋಷಣೆ ಕೊಡಬಹುದು. 2025–26ರವರೆಗೆ ಇದು 60ರ ಒಳಗಿನವರಿಗೆ 15ಜಿ, ಮೇಲಿನವರಿಗೆ 15ಎಚ್ ನಮೂನೆಯಾಗಿತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಯಾಗಿ, ನಮೂನೆಗಳ ಸಂಖ್ಯೆಗಳು ಬದಲಾಗಿವೆ. ಆದ್ದರಿಂದ ಹೊಸ ಸಾಲಿನ ನಮೂನೆಯನ್ನು ಶಾಖೆಯಿಂದಲೇ ಪಡೆದು, ವರ್ಷದ ಮೊದಲ ಬಡ್ಡಿ ಜಮೆಯಾಗುವ ಮುನ್ನವೇ ಕೊಡುವುದು ಒಳ್ಳೆಯದು. ಒಮ್ಮೆ ಕಡಿದು ಸರಕಾರಕ್ಕೆ ಕಟ್ಟಿದ ಹಣವನ್ನು ಶಾಖೆಯವರು ಮರಳಿಸಲಾರರು; ಅದಕ್ಕೆ ರಿಟರ್ನ್ ಒಂದೇ ದಾರಿ.