ಒಂದೇ ದೀಪದ ಕಾವು ಮತ್ತು ಬೆಳಕು

ಮಿರಜ ತಾಲ್ಲೂಕಿನ ಲಿಂಗನೂರಿನಂಥ ಊರುಗಳಲ್ಲಿ ಚಳಿಗಾಲದ ಹಗಲು ಬೆಚ್ಚಗಿದ್ದರೂ ಬೆಳಗಿನ ಜಾವ ತಂಪೇರುತ್ತದೆ. ಗರಿ ಮೂಡದ ಕೋಳಿಮರಿಯು ಮೊದಲೆರಡು ವಾರ ತನ್ನ ಮೈಕಾವನ್ನು ತಾನೇ ಕಾಯ್ದುಕೊಳ್ಳಲಾರದು.

ನೂರು ಮರಿಗಳಿಗೆ ಐದು ಅಡಿ ಅಗಲದ ದುಂಡು ತಗಡಿನ ಆವರಣ, 100 ವ್ಯಾಟಿನ ಎರಡು ಬಲ್ಬು ಬೇಕು. ಮರಿಗಳು ಬರುವ ಮುನ್ನವೇ ಹಾಸು ಬೆಚ್ಚಗಾಗಿರಬೇಕು. ಮರಿಯ ಬೆನ್ನಿನ ಎತ್ತರದಲ್ಲಿ ಮೊದಲ ವಾರ ಸುಮಾರು 35 ಡಿಗ್ರಿ, ಎರಡನೆಯ ವಾರ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಆದರೆ ತಾಪಮಾಪಕಕ್ಕಿಂತ ಮರಿಗಳ ಸಾಕ್ಷ್ಯವೇ ಬಲವಾದುದು. ಅವು ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿಯಾಗಿದೆಯೆಂದು ತಿಳಿದು ಬಲ್ಬನ್ನು ಇಳಿಸಬೇಕು. ದೂರ ಸರಿದು ಬಾಯ್ತೆರೆದು ಏದುತ್ತಿದ್ದರೆ ಏರಿಸಬೇಕು. ಒಂದೇ ಬದಿಗೆ ಒತ್ತಿಕೊಂಡಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆಯೆಂದರ್ಥ.

ಮರಿಗಳು ಬಂದೊಡನೆ ಕೊಕ್ಕನ್ನು ಉಗುರುಬೆಚ್ಚಗಿನ ನೀರಿಗೆ ಮುಟ್ಟಿಸಿ ಕುಡಿಯುವುದನ್ನು ಕಲಿಸಬೇಕು, ಆಹಾರ ಅನಂತರ. ನೀರಿನ ಪಾತ್ರೆ ಬಲ್ಬಿನ ನೇರ ಕೆಳಗಿರಬಾರದು.

ಮೊದಲ ದಿನಗಳಲ್ಲಿ ಇರುಳೂ ಬೆಳಕಿರಬೇಕು. ಆದರೆ ಕತ್ತಲನ್ನೇ ಕಾಣದ ಮರಿಗಳು ವಿದ್ಯುತ್ ಹೋದಾಗ ಬೆದರಿ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಆದ್ದರಿಂದ ಮೂರ್ನಾಲ್ಕು ದಿನಗಳ ಬಳಿಕ, ಚಳಿ ಏರುವ ಮುನ್ನವೇ, ಸಂಜೆ ಸ್ವಲ್ಪ ಹೊತ್ತು ದೀಪವಾರಿಸಿ, ಬಳಿಯಲ್ಲೇ ಕಾದಿದ್ದು ಕತ್ತಲನ್ನು ರೂಢಿಸಬೇಕು. ದೀಪದೊಡನೆ ಕಾವೂ ಆರುವುದರಿಂದ ಬದಲಿ ಕಾವಿಗೆ ಇದ್ದಿಲ ಒಲೆ ಆವರಣದ ಹೊರಗೆ ಸಿದ್ಧವಿರಬೇಕು; ಅದರ ವಿಷಗಾಳಿ ಹೊರಹೋಗಲು ಮೇಲ್ಗಿಂಡಿ ತೆರೆದಿರಬೇಕು.