ಬಾಸ್ ಅರ್ಧ ಹೆಜ್ಜೆ ಇಳಿಯುವ ದಾರಿ

ಜಾಝ್ ಹಾಡಿನ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಮುನ್ನ ಕೊನೆಯ ಎರಡು ಬಾರ್‌ಗಳಲ್ಲಿ ಕೆಲವು ಕಾರ್ಡ್‌ಗಳು ಸರಸರನೆ ಬಂದು ಹಾಡನ್ನು ಮತ್ತೆ ಮೊದಲಿಗೆ ತಿರುಗಿಸುತ್ತವೆ. ಇದಕ್ಕೆ ಟರ್ನ್‌ಅರೌಂಡ್ ಎನ್ನುತ್ತಾರೆ. ಸಿ ಶ್ರುತಿಯಲ್ಲಿ ಇ ಮೈನರ್, ಎ ಸೆವೆಂತ್, ಡಿ ಮೈನರ್, ಜಿ ಸೆವೆಂತ್, ಒಂದೊಂದಕ್ಕೂ ಎರಡೆರಡು ಎಣಿಕೆ, ಮತ್ತೆ ಸಿ. ಬಾಸ್ ಪ್ರತಿ ಸಲವೂ ದೂರ ದೂರಕ್ಕೆ ನೆಗೆಯಬೇಕು.

ಈ ನೆಗೆತವನ್ನು ತಪ್ಪಿಸುವ ಗುಟ್ಟು ಜಿ ಸೆವೆಂತ್‌ನೊಳಗೇ ಇದೆ. ಸಿ ನಮ್ಮ ಷಡ್ಜ ಎಂದಿಟ್ಟುಕೊಳ್ಳಿ. ಆಗ ಈ ಕಾರ್ಡ್ ಪ, ನಿ, ರಿ, ಮ ಒಟ್ಟಿಗೆ ನುಡಿದಂತೆ. ಇದರಲ್ಲಿ ಕಿವಿಯನ್ನು ಕಾಯಿಸುವ ಜೋಡಿ ಮ ಮತ್ತು ನಿ: ನಿ ಮೇಲಿನ ಸ ಕಡೆಗೆ, ಮ ಕೆಳಗಿನ ಗ ಕಡೆಗೆ ಎಳೆಯುತ್ತದೆ. ಇವೆರಡರ ನಡುವೆ ಆರು ಅರ್ಧಸ್ವರಗಳ ಅಂತರ, ಅಂದರೆ ಹನ್ನೆರಡರಲ್ಲಿ ಸರಿಯಾಗಿ ಅರ್ಧ. ಅದೇ ಟ್ರೈಟೋನ್. ಅರ್ಧವಾದ್ದರಿಂದ ಕೆಳಗಿನದನ್ನು ಮೇಲಕ್ಕಿಟ್ಟರೂ ಅಂತರ ಅಷ್ಟೇ ಉಳಿಯುತ್ತದೆ. ಹೀಗಾಗಿ ಇದೇ ಜೋಡಿ ಇನ್ನೊಂದು ಸೆವೆಂತ್ ಕಾರ್ಡಿನಲ್ಲೂ ಕೂತಿದೆ. ಅದು ಡಿ ಫ್ಲ್ಯಾಟ್ ಸೆವೆಂತ್: ಶುದ್ಧ ರಿಷಭ, ಮ, ಶುದ್ಧ ಧೈವತ, ನಿ. ಎಳೆತ ಅದೇ, ಆದರೆ ಬುಡದ ಸ್ವರ ಈಗ ಷಡ್ಜದ ಪಕ್ಕದ ಮನೆಗೇ ಬಂದಿದೆ.

ಎ ಸೆವೆಂತ್‌ಗೂ ಇದೇ ಲೆಕ್ಕ. ಅದರ ಜಾಗಕ್ಕೆ ಇ ಫ್ಲ್ಯಾಟ್ ಸೆವೆಂತ್ ಬರುತ್ತದೆ. ಈಗ ಬಾಸ್ ಇ, ಇ ಫ್ಲ್ಯಾಟ್, ಡಿ, ಡಿ ಫ್ಲ್ಯಾಟ್, ಸಿ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಟ್ಯಾಡ್ ಡ್ಯಾಮರನ್ ಅವರ ‘ಲೇಡಿ ಬರ್ಡ್’ ಹದಿನಾರು ಬಾರ್‌ಗಳ ಹಾಡು. ಅದರ ಕೊನೆಯ ಎರಡು ಬಾರ್‌ಗಳಲ್ಲೂ ಬಾಸ್ ಡಿ ಫ್ಲ್ಯಾಟ್‌ನಿಂದಲೇ ಸಿಗೆ ಜಾರುತ್ತದೆ. ಆ ಜಾರುವಿಕೆಯ ಸುಖವನ್ನು ಕೇಳಿಯೇ ಅರಿಯಬೇಕು.

ಎಲ್ಲ ಕಡೆಯೂ ಇದು ಒಗ್ಗುವುದಿಲ್ಲ. ಕಾರ್ಡ್ ಬದಲಿಸುವ ಮೊದಲು ಅಲ್ಲಿ ಹಾಡಿನ ಸ್ವರ ಯಾವುದು ಎಂದು ನೋಡಬೇಕು. ಅದು ಜಿ ಆಗಿದ್ದರೆ ಹೊಸ ಕಾರ್ಡಿನ ಮೇಲೆ ಹೊಳೆಯುತ್ತದೆ. ಎ ಆಗಿದ್ದರೆ ಕಾರ್ಡಿನ ಎ ಫ್ಲ್ಯಾಟ್‌ಗೆ ತಾಗಿ ಕರಕರ ಎನ್ನುತ್ತದೆ; ಪಿಯಾನೋದವರು ಎ ಫ್ಲ್ಯಾಟ್ ಬಿಟ್ಟರೆ ಸರಿಹೋಗುತ್ತದೆ. ಹಾಡು ಡಿ ಸ್ವರದ ಮೇಲೆ ದೀರ್ಘವಾಗಿ ನಿಂತಿದ್ದರೆ ಅದು ಬಾಸಿಗೇ ಡಿಕ್ಕಿ ಹೊಡೆಯುತ್ತದೆ. ಅಲ್ಲಿ ಜಿ ಸೆವೆಂತ್ ಇರಲಿ ಎನ್ನುವುದೇ ನನ್ನ ಮತ.

ಪಿಯಾನೋದವರು ಬದಲಿಸಿ, ಬಾಸಿನವರು ಗೊತ್ತಿಲ್ಲದೆ ಹಳೆಯ ಜಿ ನುಡಿಸಿದರೂ ಹಾಡು ಕೆಡುವುದಿಲ್ಲ. ಅದು ಖಾರ ಹೆಚ್ಚಿದ ಜಿ ಸೆವೆಂತ್‌ನಂತೆಯೇ ಕೇಳುತ್ತದೆ. ಆದರೆ ಯಾವ ಇಳಿಜಾರಿಗಾಗಿ ಇಷ್ಟು ಮಾಡಿದೆವೋ ಅದೇ ಇಲ್ಲವಾಗುತ್ತದೆ. ಆದ್ದರಿಂದ ಇಬ್ಬರೂ ಮೊದಲೇ ಮಾತಾಡಿಕೊಳ್ಳಬೇಕು.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಬಲಗೈಯಲ್ಲಿ ಎಫ್ ಮತ್ತು ಬಿ ಒತ್ತಿ ಹಿಡಿಯಿರಿ. ಎಡಗೈಯಲ್ಲಿ ಮೊದಲು ಜಿ, ಆಮೇಲೆ ಡಿ ಫ್ಲ್ಯಾಟ್ ನುಡಿಸಿ. ನಂತರ ಎಡಗೈಯನ್ನು ಸಿಗೆ ಇಳಿಸುತ್ತಲೇ ಬಲಗೈಯ ಎಫ್ ಅನ್ನು ಇಗೆ, ಬಿಯನ್ನು ಸಿಗೆ ಸರಿಸಿ ಕೇಳಿ.