ನೀತಿಯನ್ನು ಕೋರ್ಟು ತೂಗುವುದಿಲ್ಲ, ದಾರಿಯನ್ನು ನೋಡುತ್ತದೆ

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಮಲ್ಲೇಶ್ವರದ ಸಂಪಿಗೆ ರಸ್ತೆಯಂಥ ಪೇಟೆಬೀದಿಗಳಲ್ಲಿ ಹೂವು, ತರಕಾರಿ, ಸೀರೆಯ ವ್ಯಾಪಾರ ಬಹುಪಾಲು ರೊಕ್ಕದ ಮೇಲೇ ನಡೆಯುತ್ತಿತ್ತು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇ. 86ರಷ್ಟು ಈ ಎರಡು ನೋಟುಗಳಲ್ಲೇ ಇದ್ದುದರಿಂದ ಏಟು ಬೀಳದ ಅಂಗಡಿ ಇರಲಿಲ್ಲ. ಈ ತೀರ್ಮಾನ ಸರಿಯೇ ತಪ್ಪೇ ಎಂದು ಕೋರ್ಟು ಹೇಳಲಿ ಎಂಬುದು ಹಲವರ ನಿರೀಕ್ಷೆಯಾಗಿತ್ತು. ಕೋರ್ಟು ಅದನ್ನು ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂಬುದೇ ಈ ಅಧ್ಯಾಯದ ವಿಷಯ.

ಒಂದು ಕಲಂ, ಎರಡು ಓದು

ಒಟ್ಟು 58 ಅರ್ಜಿಗಳ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ 2023ರ ಜನವರಿ 2ರಂದು ತೀರ್ಪು ಕೊಟ್ಟಿತು. ಪೀಠದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಮತ್ತು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇಬ್ಬರೂ ಕರ್ನಾಟಕ ಹೈಕೋರ್ಟಿನಿಂದ ಹೋದವರು.

ಚರ್ಚೆ ನಿಂತದ್ದು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೇ ಕಲಮಿನ ಮೇಲೆ. ರಿಸರ್ವ್ ಬ್ಯಾಂಕಿನ ಕೇಂದ್ರೀಯ ಮಂಡಳಿ ಶಿಫಾರಸು ಮಾಡಿದರೆ, ಯಾವುದೇ ಸರಣಿಯ ನೋಟು ಇನ್ನು ಚಲಾವಣೆಗೆ ಸಲ್ಲದೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು ಎನ್ನುತ್ತದೆ ಆ ಕಲಂ.

ಕಡತ ಹೇಳಿದ್ದು ಇಷ್ಟು: ನವೆಂಬರ್ 7ರಂದು ಕೇಂದ್ರದಿಂದ ಬ್ಯಾಂಕಿಗೆ ಪತ್ರ ಹೋಯಿತು. ಮರುದಿನ ಸಂಜೆ ಮಂಡಳಿ ಸಭೆ ಸೇರಿ ಶಿಫಾರಸು ಮಾಡಿತು. ಅದೇ ರಾತ್ರಿ ಪ್ರಧಾನಿ ಅದನ್ನು ಪ್ರಕಟಿಸಿದರು.

ನಾಲ್ವರು ನ್ಯಾಯಮೂರ್ತಿಗಳಿಗೆ ಇದರಲ್ಲಿ ಲೋಪ ಕಾಣಲಿಲ್ಲ. ಅದಕ್ಕೂ ಮೊದಲೇ ಆರು ತಿಂಗಳು ಸರ್ಕಾರ ಮತ್ತು ಬ್ಯಾಂಕಿನ ನಡುವೆ ಸಮಾಲೋಚನೆ ನಡೆದಿತ್ತು. ಪ್ರಸ್ತಾವ ಎಲ್ಲಿಂದ ಹೊರಟಿತು ಎಂಬ ಒಂದೇ ಕಾರಣಕ್ಕೆ ತೀರ್ಮಾನ ಕೆಡುವುದಿಲ್ಲ ಎಂದರು. ನ್ಯಾಯಮೂರ್ತಿ ನಾಗರತ್ನ ಒಪ್ಪಲಿಲ್ಲ. ಆ ಕಲಮಿನ ಪ್ರಕಾರ ಮೊದಲ ಹೆಜ್ಜೆ ಬ್ಯಾಂಕಿನದ್ದಾಗಿರಬೇಕು. ಸರ್ಕಾರವೇ ಮೊದಲಿಡುವುದಾದರೆ ಸುಗ್ರೀವಾಜ್ಞೆ ಅಥವಾ ಶಾಸನದ ಮೂಲಕ ಬರಬೇಕು ಎಂದರು. 1978ರಲ್ಲಿ 1000, 5000 ಮತ್ತು 10,000 ರೂಪಾಯಿ ನೋಟುಗಳನ್ನು ರದ್ದುಮಾಡಿದ್ದು ಹಾಗೆಯೇ. ಒಂದು ದಿನದೊಳಗೆ ಬಂದ ಶಿಫಾರಸಿನಲ್ಲಿ ಬ್ಯಾಂಕು ಸ್ವತಂತ್ರವಾಗಿ ಯೋಚಿಸಿದ ಗುರುತು ಅವರಿಗೆ ಕಾಣಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ರದ್ದಾದ ನೋಟುಗಳಲ್ಲಿ ಶೇ. 99ಕ್ಕೂ ಹೆಚ್ಚು ಬ್ಯಾಂಕಿಗೆ ಮರಳಿದವು ಎಂದು ರಿಸರ್ವ್ ಬ್ಯಾಂಕೇ ವರದಿ ಮಾಡಿತ್ತು. ಆದರೂ ಉದ್ದೇಶ ಈಡೇರಿತೇ ಎಂಬ ಪ್ರಶ್ನೆ ತೀರ್ಪಿಗೆ ಅಪ್ರಸ್ತುತ ಎಂದು ಬಹುಮತ ಹೇಳಿತು. ನ್ಯಾಯಮೂರ್ತಿ ನಾಗರತ್ನ ಕೂಡ ನೋಟು ರದ್ದತಿಯ ಆರ್ಥಿಕ ಗುಣದೋಷಕ್ಕೆ ಕೈಹಾಕಲಿಲ್ಲ. ಉದ್ದೇಶ ಒಳ್ಳೆಯದೆಂದೇ ಬರೆದು, ಹಿಡಿದ ದಾರಿ ಕಾನೂನಿನದ್ದಲ್ಲ ಎಂದರು. ಐವರಿಗೂ ಈ ಸಂಯಮ ಸಮಾನವಾಗಿತ್ತು.

ಸಂಯಮಕ್ಕೆ ಕಾರಣ

ಆರ್ಥಿಕ ತೀರ್ಮಾನದಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಎರಡನ್ನೂ ಅಳೆಯಲು ಕಾನೂನಿನಲ್ಲಿ ಅಳತೆಗೋಲಿಲ್ಲ. ಕೋರ್ಟಿನ ಮುಂದೆ ಬರುವುದು ಪ್ರಮಾಣಪತ್ರ ಮತ್ತು ವಾದ ಮಾತ್ರ. ಅದರ ಮುಂದಿರುವ ಕಕ್ಷಿದಾರರು ಕೆಲವರು, ತೀರ್ಮಾನ ತಟ್ಟುವುದು ಕೋಟ್ಯಂತರ ಜನರಿಗೆ. ನೀತಿ ಕೆಟ್ಟರೆ ಸರ್ಕಾರವನ್ನು ಮತದಾರ ಇಳಿಸಬಹುದು, ನ್ಯಾಯಾಧೀಶರನ್ನು ಇಳಿಸಲಾರ. ತಡವಾದ ತೀರ್ಪಿನಿಂದ ನಡೆದುಹೋದದ್ದನ್ನು ಹಿಂದಕ್ಕೆ ತರುವುದೂ ಕಷ್ಟ. ಅಧಿಸೂಚನೆ ಕಾನೂನುಬಾಹಿರ ಎಂದ ನ್ಯಾಯಮೂರ್ತಿ ನಾಗರತ್ನರೂ ಆರು ವರ್ಷದ ಹಿಂದೆ ಆದದ್ದಕ್ಕೆ ಪರಿಹಾರ ಕೊಡಲಿಲ್ಲ.

ಸಂಯಮ ಮುಗಿಯುವಲ್ಲಿ

ಸಂಯಮವೆಂದರೆ ಕಣ್ಣು ಮುಚ್ಚುವುದಲ್ಲ. ಕ್ರಿಪ್ಟೋ ಕರೆನ್ಸಿ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಇಂಥ ಕ್ರಮ ಕೈಗೊಳ್ಳುವ ಅಧಿಕಾರ ಬ್ಯಾಂಕಿಗಿದೆ ಎಂದು ಕೋರ್ಟು ಒಪ್ಪಿತ್ತು. ಆದರೆ ತನ್ನ ನಿಯಂತ್ರಣದ ಸಂಸ್ಥೆಗಳಿಗೆ ಆ ವ್ಯವಹಾರದಿಂದ ಹಾನಿಯಾಗಿದೆ ಎಂದು ಬ್ಯಾಂಕು ತೋರಿಸಲಿಲ್ಲ. ಒಂದು ಉದ್ಯಮದ ಉಸಿರನ್ನೇ ನಿಲ್ಲಿಸುವ ಕ್ರಮಕ್ಕೆ ಅಷ್ಟೂ ಆಧಾರವಿಲ್ಲದಿದ್ದರೆ ಅದು ಅತಿಯಾಯಿತು ಎಂಬುದು ಕೋರ್ಟಿನ ಲೆಕ್ಕ.

ಹಾಗಾಗಿ ನಿಮ್ಮ ರಸ್ತೆಯ ಮೇಲ್ಸೇತುವೆಯ ವಿರುದ್ಧವೋ, ಹೊಸ ಶುಲ್ಕದ ವಿರುದ್ಧವೋ ಹೈಕೋರ್ಟಿಗೆ ಹೋಗುವುದಾದರೆ, ಯೋಜನೆ ದಂಡ ಎಂಬ ವಾದದ ಮೇಲೆ ನಿಲ್ಲಬೇಡಿ. ಈ ಆದೇಶ ಹೊರಡಿಸುವ ಅಧಿಕಾರ ಯಾರಿಗಿತ್ತು? ಕಾನೂನು ಹೇಳಿದ ಹೆಜ್ಜೆಗಳು ನಡೆದವೇ? ಯಾವ ವರದಿಯನ್ನು ನೋಡಿದರು, ಯಾವುದನ್ನು ಬಿಟ್ಟರು? ಯಾರ ಮೂಲಭೂತ ಹಕ್ಕಿಗೆ ಅತಿಯಾಗಿ ಪೆಟ್ಟಾಯಿತು? ಇವಕ್ಕೆ ಉತ್ತರ ಕಡತದಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಮೊದಲು ಪಡೆಯಿರಿ, ವಕೀಲರ ಬಳಿ ಆಮೇಲೆ ಹೋಗಿ.